ವಿಷಯ ಉಳಿದಾವೇನು? ಮೊದಲು ವರ್ಷ ಎಣಿಸಿರಿ

ಹನ್ನೂರದಿಂದ ಅಕ್ಕಲಕೋಟೆಗೋ ಸೊಲ್ಲಾಪುರಕ್ಕೋ ಕಾಲೇಜಿಗೆ ಹೋಗುವ ಹುಡುಗರ ಮನೆಗಳಲ್ಲಿ ಫಲಿತಾಂಶ ಬಂದ ವಾರ ಒಂದೇ ಮಾತು: "ಎರಡು ವಿಷಯ ಹೋಗ್ಯಾವಂತ. ಇರಲಿ, ಮುಂದಿನ ಸಲ ಬರೀತಾನ." ಆ ಮುಂದಿನ ಸಲಗಳು ಎಷ್ಟು ಉಳಿದಿವೆ ಎಂದು ಕೇಳುವವರು ಕಡಿಮೆ. ಉಳಿದ ವಿಷಯ ಬರೆಯಲು ಕೊನೆಯ ವರ್ಷ ಎಂಬುದೊಂದಿದೆ. ಆದ್ದರಿಂದ ಪುಸ್ತಕ ತೆಗೆಯುವ ಮೊದಲು ಕ್ಯಾಲೆಂಡರ್ ತೆಗೆಯುವುದು ಒಳ್ಳೆಯದು.

ಪದವಿ ಮುಗಿಸುವ ಗಡುವಿನ ಬಗ್ಗೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯು.ಜಿ.ಸಿ., 2015ರಲ್ಲಿ ಎಲ್ಲ ವಿಶ್ವವಿದ್ಯಾಲಯಗಳಿಗೂ ಮಾರ್ಗಸೂಚಿ ಕಳಿಸಿತು. ಕೋರ್ಸಿನ ನಿಗದಿತ ಅವಧಿ, ಅದರ ಮೇಲೆ ಎರಡು ವರ್ಷ. ಮೂರು ವರ್ಷದ ಬಿ.ಎ., ಬಿ.ಕಾಂ., ಬಿ.ಎಸ್ಸಿ.ಗೆ ಒಟ್ಟು ಐದು ವರ್ಷವಾಯಿತು. ದೊಡ್ಡ ಅಪಘಾತ, ಹೆರಿಗೆಯಂಥ ಕಾರಣವಿದ್ದರೆ ಇನ್ನೊಂದು ವರ್ಷ ಕೊಡಬಹುದು. ಹೆಚ್ಚಿನ ಅವಧಿಯಲ್ಲಿ ಬರೆಯುವವರನ್ನು ಖಾಸಗಿ ಅಭ್ಯರ್ಥಿ ಎಂದು ಎಣಿಸುತ್ತಾರೆ, ರ್‍ಯಾಂಕ್ ಸಿಗುವುದಿಲ್ಲ. ಇದು ಮಾರ್ಗಸೂಚಿ. ನಿಮ್ಮ ಕೋರ್ಸಿಗೆ ನಡೆಯುವುದು ಪುಣ್ಯಶ್ಲೋಕ ಅಹಿಲ್ಯಾದೇವಿ ಹೋಳ್ಕರ್ ಸೊಲ್ಲಾಪುರ ವಿಶ್ವವಿದ್ಯಾಲಯದ ನಿಯಮ. ನೀವು ಪ್ರವೇಶ ಪಡೆದ ವರ್ಷದ ಪಠ್ಯಕ್ರಮದ ಮೊದಲ ಪುಟಗಳಲ್ಲಿ ಅವಧಿ, ಪಾಸಾಗುವ ಅಂಕ, ಎಟಿಕೆಟಿ ಎಂಬ ತಲೆಬರಹಗಳನ್ನು ಹುಡುಕಿರಿ. ಈಗ ಕಲಿಯುತ್ತಿರುವ ತಮ್ಮನ ಪಠ್ಯಕ್ರಮ ನೋಡಿದರೆ ಉಪಯೋಗವಿಲ್ಲ.

ಒಂದು ಲೆಕ್ಕ ಹಾಕೋಣ. ಹನ್ನೂರದ ಒಬ್ಬ ಹುಡುಗಿ 2022ರ ಜೂನ್‌ನಲ್ಲಿ ಬಿ.ಎ.ಗೆ ಸೇರಿದಳೆಂದು ಇಟ್ಟುಕೊಳ್ಳಿ. 2025ರ ಬೇಸಿಗೆ ಪರೀಕ್ಷೆಗೆ ಅವಳ ಮೂರು ವರ್ಷ ಮುಗಿದವು. ಮೂರನೇ ಸೆಮಿಸ್ಟರಿನ ಇಂಗ್ಲಿಷ್, ಐದನೇ ಸೆಮಿಸ್ಟರಿನ ಎರಡು ವಿಷಯ ಉಳಿದವು. ಐದು ವರ್ಷದ ಲೆಕ್ಕಕ್ಕೆ ಅವಳ ಗಡುವು 2027ರ ಬೇಸಿಗೆ. ನಡುವೆ ಇರುವುದು 2025ರ ಚಳಿಗಾಲ, 2026ರ ಬೇಸಿಗೆ, 2026ರ ಚಳಿಗಾಲ, 2027ರ ಬೇಸಿಗೆ, ನಾಲ್ಕು ಹಂಗಾಮು. ಅದರಲ್ಲಿ ಒಂದು ಮದುವೆಗೆ ಹೋಗುತ್ತದೆ, ಒಂದು ಫಾರ್ಮ್ ತುಂಬುವ ತಾರೀಖು ಗೊತ್ತಾಗದೆ ಹೋಗುತ್ತದೆ. ನಾಲ್ಕು ಇದ್ದದ್ದು ಎರಡಾಗುವುದು ಹೀಗೆ.

ನಡುವೆ ಮನೆಯಲ್ಲಿ ಕುಳಿತ ವರ್ಷವೂ ಈ ಲೆಕ್ಕದೊಳಗೇ ಬರುತ್ತದೆ. ಮಹಾರಾಷ್ಟ್ರದ ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ಎಟಿಕೆಟಿ ಸಿಕ್ಕವರು ಕೆಲವು ವಿಷಯ ಇಟ್ಟುಕೊಂಡೇ ಎರಡನೇ ವರ್ಷಕ್ಕೆ ಹೋಗಬಹುದು, ಆದರೆ ಮೊದಲ ವರ್ಷದ್ದು ಪೂರ್ತಿ ತೀರದೆ ಮೂರನೇ ವರ್ಷದ ಪ್ರವೇಶ ಸಿಗುವುದಿಲ್ಲ. ಅಲ್ಲಿ ಸಿಕ್ಕಿಬಿದ್ದವರು ಒಂದು ವರ್ಷ ಹೊರಗುಳಿಯುತ್ತಾರೆ, ಹೆಚ್ಚಿನ ಎರಡು ವರ್ಷಗಳಲ್ಲಿ ಒಂದು ಅಲ್ಲೇ ಖರ್ಚಾಗುತ್ತದೆ. ಹಳೆಯದೂ ಹೊಸದೂ ಎರಡೂ ಉಳಿದಿದ್ದರೆ ಮೊದಲ ವರ್ಷದ ವಿಷಯಕ್ಕೆ ಮೊದಲು ಕೂರಬೇಕು ಎನ್ನುವುದು ಇದಕ್ಕೇ.

ಇನ್ನು ಮಾಡುವ ಕೆಲಸ. ಎಲ್ಲ ಸೆಮಿಸ್ಟರಿನ ಅಂಕಪಟ್ಟಿಗಳನ್ನು ಸಾಲಾಗಿ ಇಟ್ಟು, ಉಳಿದ ಪ್ರತಿ ವಿಷಯದ ಹೆಸರಿನ ಜೊತೆ ಕೋಡ್ ಬರೆದುಕೊಳ್ಳಿರಿ. ಅದೇ ಹೆಸರಿನ ವಿಷಯ ಬೇರೆ ಬೇರೆ ಪಠ್ಯಕ್ರಮದಲ್ಲಿ ಇರುವುದುಂಟು. ಕೋಡ್ ತಪ್ಪಿದರೆ ಹಾಲ್ ಟಿಕೆಟಿನಲ್ಲಿ ಬೇರೆಯೇ ಪೇಪರು ಬರುತ್ತದೆ. ಜೊತೆಗೆ ಯಾವ ಭಾಗದಲ್ಲಿ ನಾಪಾಸಾಗಿದ್ದೀರಿ ನೋಡಿರಿ. ಸೊಲ್ಲಾಪುರದ ಪಠ್ಯಕ್ರಮಗಳಲ್ಲಿ ಯು.ಎ. ಎಂದರೆ ವಿಶ್ವವಿದ್ಯಾಲಯದ ಲಿಖಿತ ಪರೀಕ್ಷೆ, ಸಿ.ಎ. ಎಂದರೆ ಕಾಲೇಜಿನ ಆಂತರಿಕ ಮೌಲ್ಯಮಾಪನ. 80 ಮತ್ತು 20 ಎಂದು ಹಂಚಿದ ಪೇಪರಿನಲ್ಲಿ ಎರಡಕ್ಕೂ ಬೇರೆ ಬೇರೆಯಾಗಿ ಶೇ. 40 ಬೇಕೆಂದಿದ್ದರೆ ಬರಬೇಕಾದದ್ದು 32 ಮತ್ತು 8. ಲಿಖಿತದಲ್ಲಿ 45 ಬಂದು ಆಂತರಿಕದಲ್ಲಿ 5 ಬಂದಿದ್ದರೆ ಒಟ್ಟು 50 ಆದರೂ ಪಾಸಲ್ಲ. ಇಂಥವರು ಮತ್ತೆ ಮತ್ತೆ ಲಿಖಿತ ಪರೀಕ್ಷೆ ಬರೆದು ಪ್ರಯೋಜನವಿಲ್ಲ. ಕಾಲೇಜಿಗೆ ಹೋಗಿ ಆಂತರಿಕ ಪರೀಕ್ಷೆಯನ್ನೇ ಮತ್ತೆ ಕೊಡಬೇಕು.

ಆ ಪಟ್ಟಿ ಹಿಡಿದುಕೊಂಡು ಕಾಲೇಜಿನ ಪರೀಕ್ಷಾ ವಿಭಾಗಕ್ಕೆ ಹೋಗಿರಿ. ಹತ್ತನೇ, ಹನ್ನೆರಡನೇ ತರಗತಿಗೆ ಇರುವಂಥ ಜುಲೈ ಪುರವಣಿ ಪರೀಕ್ಷೆ ಪದವಿಗೂ ಇದೆ ಎಂದು ಅನೇಕ ತಂದೆತಾಯಿ ತಿಳಿದಿರುತ್ತಾರೆ. ಪದವಿಯಲ್ಲಿ ಉಳಿದ ವಿಷಯಗಳನ್ನು ಸಾಮಾನ್ಯವಾಗಿ ಚಳಿಗಾಲದ, ಬೇಸಿಗೆಯ ರೂಢಿಯ ಪರೀಕ್ಷೆಗಳ ಜೊತೆಗೇ ಬರೆಯಬೇಕು. ನಿಮ್ಮ ಸೆಮಿಸ್ಟರಿನ ಪೇಪರು ಈ ಹಂಗಾಮಿನಲ್ಲಿ ಇದೆಯೋ ಇಲ್ಲವೋ ಎಂಬುದನ್ನು ವೇಳಾಪತ್ರಿಕೆಯಲ್ಲೇ ನೋಡಿ ಖಾತ್ರಿ ಮಾಡಿಕೊಳ್ಳಿರಿ. ಪರೀಕ್ಷಾ ಫಾರ್ಮನ್ನು ಪಿ.ಆರ್.ಎನ್. ಸಂಖ್ಯೆ ಹಾಕಿ ಆನ್‌ಲೈನ್‌ನಲ್ಲಿ ತುಂಬಬೇಕು. ಕಾಲೇಜು ಬಿಟ್ಟವರಿಗೆ ವಾಟ್ಸಾಪ್ ಗುಂಪಿನ ಸೂಚನೆ ತಲುಪುವುದಿಲ್ಲ, ಆದ್ದರಿಂದ ಒಬ್ಬ ಕಿರಿಯ ವಿದ್ಯಾರ್ಥಿಯ ಪರಿಚಯ ಇಟ್ಟುಕೊಳ್ಳುವುದು ಲಾಭ. ಪರಿಪತ್ರಕ ಮರಾಠಿಯಲ್ಲಿರುತ್ತದೆ. ಅದರಲ್ಲಿ 'ಶೇವಟಚಿ ಸಂಧಿ' ಎಂದು ಕಂಡರೆ ಅದು ಕೊನೆಯ ಅವಕಾಶ, ಓದದೆ ದಾಟಿ ಹೋಗಬೇಡಿರಿ.

ಆ ಕೊನೆಯ ಅವಕಾಶ ಹೆಚ್ಚಾಗಿ ಬರುವುದು ಪಠ್ಯಕ್ರಮ ಬದಲಾದಾಗ. ಮಹಾರಾಷ್ಟ್ರದ ಸಂಯೋಜಿತ ಕಾಲೇಜುಗಳ ಪದವಿ ತರಗತಿಗಳಿಗೆ 2024-25ರಿಂದ ಹೊಸ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು. ಅದಕ್ಕೂ ಮೊದಲು ಸೇರಿದವರ ಹಳೆಯ ಪೇಪರುಗಳನ್ನು ವಿಶ್ವವಿದ್ಯಾಲಯಗಳು ಕೆಲವು ಹಂಗಾಮು ಮಾತ್ರ ನಡೆಸಿ ನಿಲ್ಲಿಸುತ್ತವೆ. ಆಮೇಲೆ 'ಸಮಕಕ್ಷ' ವಿಷಯ, ಅಂದರೆ ಹಳೆಯದಕ್ಕೆ ಸರಿಸಮವೆಂದು ಗುರುತಿಸಿದ ಹೊಸ ಪೇಪರು ಬರೆಯಬೇಕಾಗುತ್ತದೆ. ಹಳೆಯ ನೋಟ್ಸು ಅದಕ್ಕೆ ನಡೆಯುವುದಿಲ್ಲ. ಹಾಗಾಗಿ ಐದು ವರ್ಷದ ಗಡುವು ಇನ್ನೂ ದೂರವಿದ್ದರೂ, ಹಳೆಯ ಪೇಪರು ಇರುವಾಗಲೇ ಬರೆದು ಮುಗಿಸುವವರಿಗೆ ಅರ್ಧ ಶ್ರಮ ಉಳಿಯುತ್ತದೆ.

ಫಲಿತಾಂಶ ಬಂದ ಮೇಲೆ ಇನ್ನೊಂದು ತೊಡಕು. ಮಹಾರಾಷ್ಟ್ರ ಸಾರ್ವಜನಿಕ ವಿಶ್ವವಿದ್ಯಾಲಯಗಳ 2016ರ ಕಾಯ್ದೆಯ ಪ್ರಕಾರ ಪರೀಕ್ಷೆ ಮುಗಿದ 30 ದಿನದೊಳಗೆ, ತಡವಾದರೆ 45 ದಿನದೊಳಗೆ ಫಲಿತಾಂಶ ಬರಬೇಕು. ಸ್ವಲ್ಪದರಲ್ಲಿ ಹೋದವರು ಮೊದಲು ಉತ್ತರಪತ್ರಿಕೆಯ ಝೆರಾಕ್ಸ್ ಕೇಳಿ ನೋಡಿ, ಆಮೇಲೆ ಪುನರ್ಮೌಲ್ಯಮಾಪನಕ್ಕೆ ಹಣ ಕಟ್ಟುವುದು ಜಾಣತನ. ಎರಡಕ್ಕೂ ಗಡುವು ಕೆಲವೇ ದಿನ. ತನ್ನ ಉತ್ತರಪತ್ರಿಕೆ ನೋಡುವುದು ಮಾಹಿತಿ ಹಕ್ಕಿನೊಳಗೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲಿಯೇ ಹೇಳಿದೆ. ಆದರೆ ಪುನರ್ಮೌಲ್ಯಮಾಪನದ ದಾರಿ ಕಾಯುತ್ತ ಮುಂದಿನ ಫಾರ್ಮ್ ತುಂಬದೆ ಕೂರಬೇಡಿರಿ. ಆ ಫಲಿತಾಂಶ ಬರುವ ಹೊತ್ತಿಗೆ ಫಾರ್ಮಿನ ತಾರೀಖು ಮುಗಿದಿರಬಹುದು. ಶುಲ್ಕ ಹೋದರೂ ಹಂಗಾಮು ಉಳಿಯಲಿ.

2024ರ ನಂತರ ಸೇರಿದವರಲ್ಲಿ 'ನಮಗೆ ಏಳು ವರ್ಷ' ಎಂಬ ಮಾತಿದೆ. ಅದು ಪೂರ್ತಿ ನಿಜವಲ್ಲ. ಒಂದು ಅಥವಾ ಎರಡು ವರ್ಷದ ಕ್ರೆಡಿಟ್ ಗಳಿಸಿ, ಪ್ರಮಾಣಪತ್ರವನ್ನೋ ಡಿಪ್ಲೊಮಾವನ್ನೋ ಪಡೆದು ಹೊರಬಂದವರು ಮೂರು ವರ್ಷದೊಳಗೆ ಮರಳಿ, ಏಳು ವರ್ಷದೊಳಗೆ ಪದವಿ ಮುಗಿಸಬಹುದು ಎಂದು ಯು.ಜಿ.ಸಿ.ಯ ಚೌಕಟ್ಟು ಹೇಳುತ್ತದೆ. ನಾಪಾಸಾದ ವಿಷಯಕ್ಕೆ ಕ್ರೆಡಿಟ್ಟೇ ಇಲ್ಲ, ಜಮಾ ಆಗುವುದೂ ಇಲ್ಲ.

ಗಡಿ ದಾಟಿ ಕರ್ನಾಟಕದಲ್ಲಿ ಕಲಿಯುವವರು ಈ ಲೆಕ್ಕವನ್ನು ಅಲ್ಲಿಗೆ ಒಯ್ಯಬಾರದು. ಉದಾಹರಣೆಗೆ ವಿ.ಟಿ.ಯು.ನ ನಾಲ್ಕು ವರ್ಷದ ಬಿ.ಇ.ಗೆ ಗರಿಷ್ಠ ಎಂಟು ವರ್ಷ.

ಗಡುವು ದಾಟಿಯೇ ಹೋಗಿದ್ದರೆ ಪ್ರಾಚಾರ್ಯರ ಮೂಲಕ ಪರೀಕ್ಷಾ ವಿಭಾಗಕ್ಕೆ ಲಿಖಿತ ಅರ್ಜಿ ಕೊಡಿರಿ. ಪ್ರವೇಶದ ವರ್ಷ, ಪಿ.ಆರ್.ಎನ್., ಉಳಿದ ವಿಷಯಗಳ ಕೋಡ್, ತಡವಾದ ಕಾರಣ ಬರೆದು, ಹೆರಿಗೆ ಅಥವಾ ಅಪಘಾತವಾಗಿದ್ದರೆ ಆಸ್ಪತ್ರೆಯ ಕಾಗದ ಲಗತ್ತಿಸಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿರಿ. ವಿಶ್ವವಿದ್ಯಾಲಯಗಳು ಒಮ್ಮೊಮ್ಮೆ ವಿಶೇಷ ಅವಕಾಶ ಕೊಡುತ್ತವೆ, ಆದರೆ ಅದನ್ನು ಕೇಳಿ ಪಡೆಯುವ ಹಕ್ಕು ಯಾರಿಗೂ ಇಲ್ಲ. ಅದೂ ಸಿಗದಿದ್ದರೆ ಮುಕ್ತ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಹೆಸರು ಹಚ್ಚುವುದೇ ದಾರಿ. ಇಗ್ನೋದ ಮೂರು ವರ್ಷದ ಬಿ.ಎ.ಗೆ ಆರು ವರ್ಷದವರೆಗೆ ಸಮಯವಿದೆ. ಹೆಸರು ಹಚ್ಚುವಾಗ ಹಳೆಯ ಅಂಕಪಟ್ಟಿಗಳನ್ನು ಒಯ್ದು, ಪಾಸಾದ ವಿಷಯಗಳ ಕ್ರೆಡಿಟ್ ವರ್ಗಾವಣೆ ಆಗುತ್ತದೆಯೇ ಎಂದು ಶುಲ್ಕ ಕಟ್ಟುವ ಮೊದಲೇ ಕೇಳಿರಿ.