ಐಪಿಡಿ ನಂಬರ್ ಕೇಳು, ದಾನಮ್ಮಾ

ಉಮದಿ, ತಾ. ಜತ್ತ



ಪುಣೆಯಿಂದ ನೀ ವಾಟ್ಸಾಪಿನಲ್ಲಿ ಕಳಿಸಿದ ಪೋಸ್ಟರ್ ನೋಡಿದೆ. ಮೂಗಿಗೆ ನಳಿಗೆ ಹಾಕಿದ ಕೂಸು. ಕೆಳಗೆ, "ಹೃದಯದಲ್ಲಿ ರಂಧ್ರ, 4 ಲಕ್ಷ 80 ಸಾವಿರ ಬೇಕು, ನಾಳೆಯೇ ಆಪರೇಶನ್". ಅದರ ಕೆಳಗೊಂದು ಕ್ಯೂಆರ್ ಕೋಡ್. ನಮ್ಮದೇ ತಾಲೂಕಿನ ಊರು, ಮಿರಜದ ಆಸ್ಪತ್ರೆ. "ಹಾಕಲೇನು ಕಾಕಾ?" ಅಂತ ಕೇಳಿದಿ. ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಕೂತೇ ತಲೆ ಬೆಳ್ಳಗಾದವ ನಾನು, ಉತ್ತರ ತುಸು ಉದ್ದವಾದೀತು.

ಆ ಪೋಸ್ಟರಿನಲ್ಲಿ ತಾರೀಖಿಲ್ಲ, ಐಪಿಡಿ ನಂಬರೂ ಇಲ್ಲ. ಅಡ್ಮಿಟ್ ಆದ ಪ್ರತಿ ರೋಗಿಗೂ ಆಸ್ಪತ್ರೆ ಒಂದು ನಂಬರ್ ಕೊಡುತ್ತದೆ. ಕೇಸ್ ಪೇಪರು, ಬಿಲ್ಲು ಎಲ್ಲದರ ಮೇಲೂ ಅದೇ ನಂಬರ್ ಇರುತ್ತದೆ. ದೊಡ್ಡ ಆಪರೇಶನ್ ಇದ್ದರೆ ಮನೆಯವರ ಕೈಯಲ್ಲಿ ಎಸ್ಟಿಮೇಟ್ ಪತ್ರವೂ ಇರುತ್ತದೆ. ಅದರಲ್ಲಿ ತಾರೀಖು, ಈ ನಂಬರು, ಡಾಕ್ಟರ ಸಹಿ, ಅವರ ನೋಂದಣಿ ಸಂಖ್ಯೆ ನೋಡಬೇಕು. ಆದರೆ ಅಂಥ ಪತ್ರವನ್ನು ಈಗಿನ ಹುಡುಗರು ಮೊಬೈಲಿನಲ್ಲೇ ತಯಾರಿಸಿಬಿಡುತ್ತಾರೆ. ಅದಕ್ಕೇ ಫೋನ್ ಮಾಡಲೇಬೇಕು. ಪೋಸ್ಟರಿನಲ್ಲಿರುವ ನಂಬರಿಗೆ ಮಾಡಿದರೆ ಪೋಸ್ಟರ್ ಮಾಡಿದವನೇ "ಹಲೋ, ಆಸ್ಪತ್ರೆ" ಅಂದಾನು. ಆಸ್ಪತ್ರೆಯ ಸ್ವಂತ ವೆಬ್‌ಸೈಟಿನಿಂದ ನಂಬರ್ ತೆಗೆದು, ಬಿಲ್ಲಿಂಗಿಗೆ ಜೋಡಿಸಿ ಅನ್ನು.

ಅಲ್ಲಿ ಕೂಸಿನ ರೋಗದ ಬಗ್ಗೆ ಕೇಳಬೇಡ. ಹೇಳುವುದಿಲ್ಲ, ಹೇಳಲೂಬಾರದು. "ಈ ಹೆಸರಿನ, ಈ ಐಪಿಡಿ ನಂಬರಿನ ರೋಗಿಯ ಖಾತೆಗೆ ಹಣ ಜಮಾ ಮಾಡಬೇಕಾಗಿದೆ, ಹೇಗೆ ಮಾಡಲಿ?" ಎಂದು ಕೇಳು. ಹಣ ತೆಗೆದುಕೊಳ್ಳುವ ಮೊದಲು ಕೌಂಟರಿನವರು ಹೆಸರು, ನಂಬರ್ ತಾಳೆ ನೋಡಲೇಬೇಕಲ್ಲ. ಸುಳ್ಳಿದ್ದರೆ ಅಲ್ಲೇ ಹೊರಬೀಳುತ್ತದೆ.

ಪೋಸ್ಟರಿನಲ್ಲಿ ನಂಬರ್ ಇರಲಿಲ್ಲವಾದ್ದರಿಂದ ನಾನು ಬರೀ ಹೆಸರು ಹೇಳಿ ಹಾಗೇ ಕೇಳಿದೆ. ಆ ಹೆಸರಿನ ಕೂಸು ಸದ್ಯ ಅಡ್ಮಿಟ್ ಇಲ್ಲ ಅಂದರು. ಆಮೇಲೆ ಆ ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಹಚ್ಚಿದೆ. "ಅಯ್ಯ, ಆ ಕೂಸಿಂದು ಆಪರೇಶನ್ ಆಗಿ ಭಾಳ ದಿನಾ ಆತ್ರೀ. ಈಗ ಅಂಗಳದಾಗ ಆಡಾಕತ್ತೈತಿ" ಅಂದಳು. ಕೂಸು ನಿಜ, ರೋಗ ನಿಜ, ಆಸ್ಪತ್ರೆಯೂ ನಿಜ. ಅಪ್ಪ ಆಗ ಹೋಗಿ-ಬರುವ ಖರ್ಚಿಗೆಂದು ಹಾಕಿದ್ದ ಪೋಸ್ಟರನ್ನು ಯಾರೋ ಎತ್ತಿಕೊಂಡು, ಮೊತ್ತ ಏರಿಸಿ, ತಮ್ಮ ಕ್ಯೂಆರ್ ಅಂಟಿಸಿದ್ದಾರೆ. ಹೀಗಾಗಿ ರೋಗಿ ಖರೆ ಅಂತ ಗೊತ್ತಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ಹಣ ಯಾರ ಖಾತೆಗೆ ಹೋಗುತ್ತದೆ ಎಂಬುದನ್ನು ಬೇರೆಯಾಗಿಯೇ ನೋಡಬೇಕು.

ಸ್ಕ್ಯಾನ್ ಮಾಡಿದಾಗ, ಪಿನ್ ಒತ್ತುವ ಮೊದಲು, ಯುಪಿಐ ಖಾತೆದಾರನ ಹೆಸರು ತೋರಿಸುತ್ತದೆ. ಪೋಸ್ಟರಿನ ಕ್ಯೂಆರ್ ನಾನೂ ಸ್ಕ್ಯಾನ್ ಮಾಡಿದೆ. ಬಂದದ್ದು ಆ ಮನೆತನಕ್ಕೆ ಸಂಬಂಧವೇ ಇಲ್ಲದ ಹೆಸರು. ಆದರೆ ಹೆಸರು ಬೇರೆಯಾದ ತಕ್ಷಣ ಕಳ್ಳರೆನ್ನಬೇಡ. ಎಷ್ಟೋ ಮನೆಗಳಲ್ಲಿ ಫೋನ್‌ಪೇ ಇರುವುದು ಸೋದರಮಾವನ ಹತ್ತಿರ ಮಾತ್ರ. ಆಗ ಮನೆಯವರನ್ನೇ ಕೇಳಿ ಖಾತ್ರಿ ಮಾಡಿಕೊಳ್ಳಬೇಕು. ಎಲ್ಲಕ್ಕಿಂತ ಚಲೋ ದಾರಿ, ಆಸ್ಪತ್ರೆಯ ಹೆಸರಿನ ಖಾತೆಗೇ ಐಪಿಡಿ ನಂಬರ್ ಬರೆದು ಹಾಕಿ, ರೋಗಿಯ ಹೆಸರಿನ ರಸೀದಿ ತರಿಸಿಕೊಳ್ಳುವುದು. ಹೊರಗಿನ ಔಷಧಿಗೆ, ಊಟಕ್ಕೆ, ಬಸ್ಸಿಗೆ ಮಾತ್ರ ಅದು ಬರುವುದಿಲ್ಲ. ಅದಕ್ಕೆ ಅಪ್ಪನ ಕೈಗೇ ಸ್ವಲ್ಪ ಕೊಡಬೇಕಾಗುತ್ತದೆ.

ಇನ್ನೊಂದು ಪ್ರಶ್ನೆ ಕೇಳುವುದನ್ನು ನಮ್ಮ ಕಡೆಯವರು ಮರೆಯುತ್ತಾರೆ: "ಆರೋಗ್ಯ ಮಿತ್ರನನ್ನು ಕಂಡಿರೇನು?" ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಹಣ ಕಟ್ಟದೆ ಚಿಕಿತ್ಸೆ ಇದೆ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಆ ಮಿತ್ರನ ಟೇಬಲ್ ಇರುತ್ತದೆ. ಆ ಕೂಸಿನ ಆಪರೇಶನ್ ಆದದ್ದೂ ಅದರಲ್ಲೇ. ಆಸ್ಪತ್ರೆ ಯೋಜನೆಯಲ್ಲಿ ಇಲ್ಲ, ಆ ಚಿಕಿತ್ಸೆ ಪಟ್ಟಿಯಲ್ಲಿ ಇಲ್ಲ, ಮಂಜೂರಿ ಬಂದಿಲ್ಲ ಎಂಬ ಉತ್ತರ ಬಂದರೆ ನಂಬುವಂಥದ್ದೇ. ಕಷ್ಟದಲ್ಲಿರುವ ಅಪ್ಪ ಈ ಪ್ರಶ್ನೆಗೆ ನಾಲ್ಕು ಮಾತು ಹೆಚ್ಚೇ ಆಡುತ್ತಾನೆ. ಮೋಸಗಾರ ಮಾತ್ರ "ಟೈಮ್ ಇಲ್ಲ, ಬೇಗ ಹಾಕ್ರೀ" ಅನ್ನುತ್ತಾನೆ.

ನಿನ್ನ ಗೆಳತಿ ಈಗಾಗಲೇ ಆ ಕ್ಯೂಆರಿಗೆ 2 ಸಾವಿರ ಹಾಕಿದ್ದಾಳೆ ಅಂದಿಯಲ್ಲ. ಇವತ್ತೇ 1930ಕ್ಕೆ ಫೋನ್ ಮಾಡಲಿ, ಇಲ್ಲವೇ cybercrime.gov.in ನಲ್ಲಿ ದೂರು ಕೊಡಲಿ. ಹಣ ಆ ಖಾತೆಯಿಂದ ಮುಂದೆ ಹೋಗುವ ಮೊದಲು ತಡೆಯಬೇಕು, ತಾಸುಗಳ ಲೆಕ್ಕ ಅದು. ವ್ಯವಹಾರದ ಯುಟಿಆರ್ ನಂಬರ್ ಮತ್ತು ಪೋಸ್ಟರಿನ ಸ್ಕ್ರೀನ್‌ಶಾಟ್ ಕೈಯಲ್ಲಿಟ್ಟುಕೊಳ್ಳಲಿ.

ನಿನ್ನೆ ಕಳಿಸಿದ ಎರಡನೆಯದು, ವಿಜಯಪುರದ ಡಯಾಲಿಸಿಸ್ ರೋಗಿಯದು, ಅದಕ್ಕೆ ಇನ್ನೂ ಏನೂ ಹಾಕಬೇಡ. ಅವರ ತಮ್ಮನ ಜೊತೆ ಮಾತಾಡಿದ್ದೇನೆ. ಸೋಮವಾರ ಕೌಂಟರಿಗೆ ಹೋಗಿ ಅಲ್ಲಿಂದಲೇ ಫೋನ್ ಮಾಡುತ್ತೇನೆ ಅಂದಿದ್ದಾನೆ. ನಂಬರ್ ಸಿಕ್ಕ ಕೂಡಲೇ ತಿಳಿಸುತ್ತೇನೆ, ನನ್ನ 1 ಸಾವಿರವೂ ನಿನ್ನದರ ಜೊತೆಗೇ ಹೋಗಲಿ.

ನಿನ್ನ ಕಾಕಾ