ನೆಗಡಿ ಹೋಯಿತು, ವಾಸನೆ ಬರಲಿಲ್ಲ

ಬ್ರಿಟನ್ನಿಗೆ ಹೊಸದಾಗಿ ಬಂದ ಕುಟುಂಬಗಳಿಗೆ ಮೊದಲ ಚಳಿಗಾಲದಲ್ಲಿ ನೆಗಡಿ ಬಿಡುವು ಕೊಡುವುದಿಲ್ಲ. ಮಗು ನರ್ಸರಿಯಿಂದ ತರುತ್ತದೆ, ಅಮ್ಮನಿಗೆ ಹತ್ತುತ್ತದೆ, ಊರಿಂದ ಬಂದ ಅಜ್ಜಿಯನ್ನೂ ಹಿಡಿಯುತ್ತದೆ. ಹೆಚ್ಚಿನವರಿಗೆ ಮೂಗು ಬಿಟ್ಟ ಕೂಡಲೇ, ಒಂದೆರಡು ವಾರದಲ್ಲಿ, ವಾಸನೆಯೂ ಮರಳುತ್ತದೆ. ಕೆಲವರಿಗೆ ಮಾತ್ರ ಉಸಿರು ಸಲೀಸಾಗಿ ಆಡುತ್ತಿದ್ದರೂ ಒಗ್ಗರಣೆ ಸೀದದ್ದು ತಿಳಿಯುವುದಿಲ್ಲ, ಸಾರಿಗೆ ರುಚಿಯೇ ಇಲ್ಲ ಅನ್ನಿಸುತ್ತದೆ. ಈ ಲೇಖನ ಅಂಥವರಿಗಾಗಿ.

ಮೂಗು ಕಟ್ಟಿ ವಾಸನೆ ಹೋಗುವುದು ಬೇರೆ, ಇದು ಬೇರೆ. ವಾಸನೆ ಹಿಡಿಯುವ ನರಕೋಶಗಳು ಇರುವುದು ಮೂಗಿನ ಒಳಛಾವಣಿಯಲ್ಲಿ, ಪುಟ್ಟದೊಂದು ಜಾಗದಲ್ಲಿ. ನೆಗಡಿಯ ವೈರಸ್ ಕೆಲವೊಮ್ಮೆ ಈ ಕೋಶಗಳನ್ನೂ ಅವುಗಳಿಗೆ ಆಸರೆಯಾದ ಕೋಶಗಳನ್ನೂ ಕೆಡಿಸುತ್ತದೆ. ಅದೃಷ್ಟಕ್ಕೆ, ದೊಡ್ಡವರಲ್ಲೂ ಮತ್ತೆ ಮತ್ತೆ ಹುಟ್ಟುವ ಕೆಲವೇ ನರಕೋಶಗಳಲ್ಲಿ ಇವೂ ಸೇರಿವೆ. ಆದರೆ ಹೊಸ ಕೋಶ ಹುಟ್ಟಿ, ಅದರ ಎಳೆ ಮೇಲಿನ ಮೂಳೆಯ ಸಣ್ಣ ರಂಧ್ರಗಳನ್ನು ದಾಟಿ ಮಿದುಳನ್ನು ಮುಟ್ಟಿ, ಸರಿಯಾದ ಕಡೆ ಸೇರಿಕೊಳ್ಳಬೇಕು. ಅದಕ್ಕೆ ವಾರಗಳು ಸಾಲವು, ತಿಂಗಳುಗಳೇ ಬೇಕು. ಕೆಲವರಲ್ಲಿ ಸುಧಾರಣೆ ಒಂದೆರಡು ವರ್ಷದವರೆಗೂ ಮುಂದುವರಿಯುತ್ತದೆ. ಎಲ್ಲರಿಗೂ ಪೂರ್ತಿ ಮರಳುತ್ತದೆ ಎಂದು ಹೇಳಲಾಗದು.

ಮನೆಯಲ್ಲಿ ಪರೀಕ್ಷಿಸುವಾಗ ಹಲವರು ಎಡವುವುದು ವಿಕ್ಸ್ ಹಿಡಿದು. ವಿಕ್ಸ್, ಅಮೃತಾಂಜನ, ಒಗ್ಗರಣೆಗೆ ಬಿದ್ದ ಒಣಮೆಣಸಿನಕಾಯಿಯ ಘಾಟು ಇವೆಲ್ಲ ಮುಖದ ಸ್ಪರ್ಶನರವನ್ನೂ ಕೆಣಕುತ್ತವೆ. ತಂಪು, ಉರಿ, ಕೆಮ್ಮು ತಿಳಿಯುತ್ತದೆ, ಆದರೆ ಅದು ವಾಸನೆಯಲ್ಲ. ಕಾಫಿಪುಡಿ, ಏಲಕ್ಕಿ, ಸೋಪು ಹಿಡಿದು ನೋಡಿ. ನಾಲಿಗೆಗೆ ಉಪ್ಪು, ಹುಳಿ, ಸಿಹಿ, ಕಹಿ ತಿಳಿಯುತ್ತಿದ್ದು ಸಾರಿಗೂ ಸಾಂಬಾರಿಗೂ ವ್ಯತ್ಯಾಸ ತಿಳಿಯದಿದ್ದರೆ ಕೆಟ್ಟಿರುವುದು ನಾಲಿಗೆಯಲ್ಲ, ಮೂಗು.

ಇದಕ್ಕೆ ಮನೆಯಲ್ಲೇ ಮಾಡಬಹುದಾದ ಅಭ್ಯಾಸವಿದೆ. ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಇದರ ಫಲಿತಾಂಶ ಪ್ರಕಟಿಸಿದರು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕು ವಾಸನೆಗಳನ್ನು ದಿನಕ್ಕೆರಡು ಸಲದಂತೆ ಹನ್ನೆರಡು ವಾರ ಮೂಸಿದವರಲ್ಲಿ, ಮೂಸದವರಿಗಿಂತ ಹೆಚ್ಚು ಸುಧಾರಣೆ ಕಂಡಿತು. ಆಮೇಲಿನ ಅಧ್ಯಯನಗಳ ಒಲವೂ ಇದರ ಕಡೆಗೇ ಇದೆ. ಸಿಗುವ ಲಾಭ ದೊಡ್ಡದೇನಲ್ಲ, ಆದರೆ ಖರ್ಚು ಕಡಿಮೆ, ಅಪಾಯವೂ ಕಡಿಮೆ. ಆದ್ದರಿಂದ ತಡಮಾಡದೆ ಶುರುಮಾಡುವುದೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಒಬ್ಬ ತಾಯಿ ಇದನ್ನು ಮಾಡಿದ ಬಗೆ ಹೇಳುತ್ತೇನೆ. ನವೆಂಬರಿನಲ್ಲಿ ನೆಗಡಿ, ಡಿಸೆಂಬರಿನಲ್ಲಿ ಮೂಗು ಪೂರ್ತಿ ಬಿಟ್ಟಿತ್ತು, ವಾಸನೆ ಇಲ್ಲ. ಆಕೆ ಮುಚ್ಚಳವಿರುವ ನಾಲ್ಕು ಪುಟ್ಟ ಗಾಜಿನ ಡಬ್ಬಿ ತಂದು, ಒಂದೊಂದರಲ್ಲೂ ಹತ್ತಿಯ ತುಂಡಿಟ್ಟು, ಎರಡು ಮೂರು ಹನಿ ಎಸೆನ್ಷಿಯಲ್ ಆಯಿಲ್ ಹಾಕಿ ಹೆಸರು ಬರೆದರು. ಗುಲಾಬಿಯ ಎಣ್ಣೆ ದುಬಾರಿಯೆಂದು ಮೊದಲು ರೋಸ್ ವಾಟರ್ ಇಟ್ಟಿದ್ದರು. ಅದರ ವಾಸನೆ ತೀರಾ ತೆಳುವಾದ್ದರಿಂದ ಅದನ್ನು ಬಿಟ್ಟು ಜೆರೇನಿಯಂ ಎಣ್ಣೆಗೆ ಬದಲಾಯಿಸಿದರು. ಬೆಳಿಗ್ಗೆ ಕಾಫಿಗೆ ಮುಂಚೆ ಒಮ್ಮೆ, ರಾತ್ರಿ ಮಗು ಮಲಗಿದ ಮೇಲೆ ಒಮ್ಮೆ. ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು, ದೀರ್ಘವಾಗಿ ಎಳೆಯದೆ, ಸಣ್ಣಸಣ್ಣದಾಗಿ ಇಪ್ಪತ್ತು ಸೆಕೆಂಡು ಮೂಸುವುದು; ಅರ್ಧ ನಿಮಿಷ ಬಿಟ್ಟು ಮುಂದಿನದು. ಮೂಸುವಾಗ ಫೋನು, ಟಿವಿ ಯಾವುದೂ ಇಲ್ಲ. ನಿಂಬೆಯಾದರೆ ಆಗಷ್ಟೇ ಹೆಚ್ಚಿದ ನಿಂಬೆಯ ನೆನಪನ್ನು ತಂದುಕೊಳ್ಳುವುದು. ವಾರಕ್ಕೊಮ್ಮೆ ಒಂದೊಂದಕ್ಕೂ ಸೊನ್ನೆಯಿಂದ ಹತ್ತರೊಳಗೆ ಅಂಕ ಬರೆದಿಟ್ಟರು. ಮೊದಲ ತಿಂಗಳಿಡೀ ಸೊನ್ನೆಗಳೇ. ಆರನೇ ವಾರ ಲವಂಗಕ್ಕೆ ಒಂದು ಅಂಕ ಬಿತ್ತು.

ನಿಜವಾದ ಕಷ್ಟ ಬಂದದ್ದು ಫೆಬ್ರವರಿಯಲ್ಲಿ. ಕಾಫಿ ಸುಟ್ಟ ರಬ್ಬರಿನಂತೆ ನಾರತೊಡಗಿತು. ಈರುಳ್ಳಿ, ಬೆಳ್ಳುಳ್ಳಿ, ಇಂಗಿನ ಒಗ್ಗರಣೆ ಹತ್ತಿರ ನಿಲ್ಲಲಾಗದಷ್ಟು ಹೊಲಸಾಯಿತು. ಅಭ್ಯಾಸದಿಂದಲೇ ಹೀಗಾಯಿತೆಂದು ಆಕೆ ಡಬ್ಬಿಗಳನ್ನು ಎತ್ತಿಟ್ಟುಬಿಟ್ಟಿದ್ದರು. ಎಷ್ಟೋ ಜನ ಕೈಬಿಡುವುದು ಈ ಘಟ್ಟದಲ್ಲೇ. ವಾಸನೆ ಹೀಗೆ ವಿಕಾರವಾಗಿ ತೋರುವುದಕ್ಕೆ ವೈದ್ಯರು ಪಾರೋಸ್ಮಿಯಾ ಎನ್ನುತ್ತಾರೆ. ಹೊಸ ನರಕೋಶಗಳು ಇನ್ನೂ ಕೆಲವೇ ಇದ್ದು, ಅವುಗಳ ಜೋಡಣೆಯೂ ಸರಿಹೋಗದ ಕಾರಣ ಮಿದುಳಿಗೆ ಅರ್ಧಂಬರ್ಧ ಸುದ್ದಿ ತಲುಪುತ್ತಿರಬೇಕು ಎಂಬುದು ಇದರ ಮುಖ್ಯ ವಿವರಣೆ. ಹುರಿದ ಪದಾರ್ಥ, ಕಾಫಿ, ಈರುಳ್ಳಿಗಳಲ್ಲಿರುವ ಗಂಧಕದ ಸಂಯುಕ್ತಗಳು ಅತ್ಯಲ್ಪ ಪ್ರಮಾಣದಲ್ಲೂ ಮೂಗಿಗೆ ತಾಗುವುದರಿಂದ ತೊಂದರೆ ಮೊದಲು ಅಲ್ಲೇ ಕಾಣಿಸುತ್ತದೆ. ನೆಗಡಿಯ ನಂತರ ಹೀಗಾದರೆ ಹೆಚ್ಚಾಗಿ ಅದು ಚೇತರಿಕೆ ನಡೆದಿದೆ ಎಂಬ ಗುರುತು.

ಆಗ ಮಾಡಬೇಕಾದ್ದು ಅಡುಗೆಯನ್ನು ಬದಲಿಸುವುದು. ಬಿಸಿ ಆಹಾರದಿಂದ ವಾಸನೆ ಹೆಚ್ಚು ಏಳುತ್ತದೆ, ಆರಿದ್ದರಿಂದ ಕಡಿಮೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಮೊಸರನ್ನ, ಇಡ್ಲಿ, ತೊವ್ವೆ, ಕೋಸಂಬರಿ ಆಕೆಗೆ ಒಗ್ಗಿದವು. ಒಗ್ಗರಣೆಯ ಸೌಟು ಕೆಲವು ತಿಂಗಳು ಗಂಡನ ಕೈಗೆ ಹೋಯಿತು. ಡಬ್ಬಿಗಳಲ್ಲಿ ಯಾವುದಾದರೂ ಅಸಹ್ಯವಾದರೆ ಅದೊಂದನ್ನು ಬದಲಿಸಿ, ಉಳಿದವನ್ನು ಮುಂದುವರಿಸಬೇಕು. ಮೂರು ತಿಂಗಳಿಗೊಮ್ಮೆ ಎಣ್ಣೆಯನ್ನೂ ಹೊಸದು ಮಾಡಬೇಕು. ಆಕೆಗೆ ಬೇಸಿಗೆಯ ಹೊತ್ತಿಗೆ ಏಲಕ್ಕಿ, ಕೊತ್ತಂಬರಿ ಚೆನ್ನಾಗಿ ತಿಳಿಯತೊಡಗಿದವು. ಕಾಫಿ ಕುಡಿಯುವಂತಾದದ್ದು ಮುಂದಿನ ದೀಪಾವಳಿಗೆ, ಅದೂ ಮುಂಚಿನ ಘಮವಿಲ್ಲದೆ.

ಮಕ್ಕಳಿರುವ ಮನೆಯಲ್ಲಿ ಎಚ್ಚರ: ನೀಲಗಿರಿ ಎಣ್ಣೆ ಸ್ವಲ್ಪವೇ ಹೊಟ್ಟೆಗೆ ಹೋದರೂ ಚಿಕ್ಕ ಮಕ್ಕಳಿಗೆ ವಿಷ. ಡಬ್ಬಿ, ಬಾಟಲಿ ಎರಡನ್ನೂ ಎತ್ತರದಲ್ಲಿಡಿ. ಯಾವ ಎಣ್ಣೆಯನ್ನೂ ಮೂಗಿನೊಳಗೆ ಬಿಡಬೇಡಿ. ಜಿಂಕ್ ಇರುವ ಮೂಗಿನ ಜೆಲ್ ಬೇಡವೇ ಬೇಡ. ಅದರಿಂದಲೇ ವಾಸನೆ ಹೋದ ದೂರುಗಳು ಬಂದು ಅಮೆರಿಕದ ಎಫ್‌ಡಿಎ 2009ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ಊರಿಂದ ತಂದ ಸ್ಟೀರಾಯ್ಡ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬೇಡಿ. ಜಲನೇತಿ ರೂಢಿಯಿದ್ದರೆ ಮಾಡಬಹುದು, ಆದರೆ ನೀರು ಕುದಿಸಿ ಆರಿಸಿದ್ದೇ ಆಗಬೇಕು, ನಲ್ಲಿಯಿಂದ ನೇರ ಹಿಡಿದದ್ದಲ್ಲ.

ಇಲ್ಲಿನ ಹೆಚ್ಚಿನ ಮನೆಗಳಲ್ಲಿ ಗ್ಯಾಸ್ ಪೈಪಿನಲ್ಲಿ ಬರುತ್ತದೆ, ಸೋರಿದರೆ ತಿಳಿಯಲೆಂದೇ ಅದಕ್ಕೆ ವಾಸನೆ ಬೆರೆಸಿರುತ್ತಾರೆ. ನಿಮಗೆ ಅದು ತಿಳಿಯುವುದಿಲ್ಲ. ಗೋಡೆಯ ಮೇಲಿನ ಕಾರ್ಬನ್ ಮಾನಾಕ್ಸೈಡ್ ಅಲಾರಂ ಗ್ಯಾಸ್ ಸೋರಿಕೆಗೆ ಕೂಗುವುದಿಲ್ಲ, ಅದಕ್ಕೆ ಬೇರೆ ಅಲಾರಂ ಬೇಕು. ಹೊಗೆಯ ಅಲಾರಂ ಕೆಲಸ ಮಾಡುತ್ತಿದೆಯೇ ಎಂದು ಗುಂಡಿ ಒತ್ತಿ ನೋಡಿ. ಹಾಲು, ಮಾಂಸದ ಮೇಲಿನ ತಾರೀಖು ಓದಿ. ಗ್ಯಾಸ್ ಸೋರಿದ ಅನುಮಾನವಿದ್ದರೆ ಸ್ವಿಚ್ ಮುಟ್ಟದೆ ಕಿಟಕಿ ತೆರೆದು ಹೊರಗೆ ಹೋಗಿ, ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ 0800 111 999ಕ್ಕೆ ಕರೆ ಮಾಡಿ.

ಕೆಲವು ವಾರಗಳಾದರೂ ವಾಸನೆ ಮರಳದಿದ್ದರೆ ನಿಮ್ಮ ಜಿಪಿಯನ್ನು ಕಾಣಿ. ಇನ್ನೂ ನೋಂದಾಯಿಸಿಲ್ಲದಿದ್ದರೆ ಈ ವಾರವೇ ಮಾಡಿಸಿ, ಅದಕ್ಕೆ ಶುಲ್ಕವಿಲ್ಲ. ನೆಗಡಿಯೇ ಇಲ್ಲದೆ ವಾಸನೆ ಹೋಗಿದ್ದರೆ, ಒಂದೇ ಹೊಳ್ಳೆ ಕಟ್ಟಿಕೊಂಡೇ ಇದ್ದರೆ, ಅದರಿಂದ ರಕ್ತ ಬರುತ್ತಿದ್ದರೆ, ಅಥವಾ ತಲೆಗೆ ಪೆಟ್ಟುಬಿದ್ದ ಮೇಲೆ ಹೀಗಾಗಿದ್ದರೆ ವಾರಗಟ್ಟಲೆ ಕಾಯದೆ, ಮನೆಯ ಅಭ್ಯಾಸವನ್ನೂ ನೆಚ್ಚಿಕೊಳ್ಳದೆ, ಕೂಡಲೇ ವೈದ್ಯರಿಗೆ ತೋರಿಸಿ.