ಕೆಂಪಿಗೆ ನೀಲಿ ಬೆರೆಸಿದಾಗ ಕಷಾಯದ ಬಣ್ಣ ಬಂದದ್ದೇಕೆ?

ಬೋಧನಾಭ್ಯಾಸದ ಎರಡನೇ ವಾರ ಆರನೇ ತರಗತಿಗೆ ‘ಬಣ್ಣಗಳ ಮಿಶ್ರಣ’ ಪಾಠ ತೆಗೆದುಕೊಂಡಿದ್ದೆ. 36 ಮಕ್ಕಳು, ಆರು ಗುಂಪು, 40 ನಿಮಿಷದ ಅವಧಿ. ದಿನಸಿ ಅಂಗಡಿಯಲ್ಲಿ ಸಿಗುವ ಅಡುಗೆ ಬಣ್ಣದ ಪುಡಿಯನ್ನು ಚಿಟಿಕೆಯಷ್ಟು ಅರ್ಧ ಲೋಟ ನೀರಿಗೆ ಕದಡಿ ಕೆಂಪು, ಹಳದಿ, ನೀಲಿ ದ್ರಾವಣ ಮಾಡಿಕೊಂಡಿದ್ದೆ. ಗುಂಪಿಗೊಂದು ಡ್ರಾಪರ್ ಮತ್ತು ಮೂರು ಗಾಜಿನ ಲೋಟ ಕೊಟ್ಟಿದ್ದೆ. ಯಾವುದೇ ಎರಡು ಬಣ್ಣವನ್ನು ಸಮನಾಗಿ ಬೆರೆಸಿ, ಕಂಡದ್ದನ್ನು ಪಟ್ಟಿಯಲ್ಲಿ ಬರೆಯಬೇಕು ಎಂಬುದು ಸೂಚನೆ.

ಹಳದಿಗೆ ನೀಲಿ ಸೇರಿಸಿದಾಗ ಹಸಿರು ಬಂತು. ಕೆಂಪಿಗೆ ಹಳದಿ ಸೇರಿಸಿದಾಗ ಕಿತ್ತಳೆ. ತರಗತಿ ಗದ್ದಲದಿಂದ ತುಂಬಿತು. ಮೂರನೆಯ ಲೋಟದಲ್ಲಿ ಮಾತ್ರ ನಾನು ಪಾಠ ಯೋಜನೆಯಲ್ಲಿ ಬರೆದಿದ್ದ ನೇರಳೆ ಬರಲಿಲ್ಲ, ಕಪ್ಪಿಗೆ ತಿರುಗಿದ ಕಂದು ಬಂತು. ಹಿಂದಿನ ಬೆಂಚಿನ ಹುಡುಗ, “ಮಿಸ್, ಇದು ಕಷಾಯ” ಎಂದ. ಅವಧಿ ಮುಗಿಯಲು ಎಂಟು ನಿಮಿಷ ಉಳಿದಿತ್ತು. ಕಪ್ಪುಹಲಗೆಯ ಸಾರಾಂಶದಲ್ಲಿ ‘ನೇರಳೆ’ ಎಂದು ಮೊದಲೇ ಬರೆದಾಗಿತ್ತು. “ಇದು ನೇರಳೆಯೇ, ಸ್ವಲ್ಪ ಗಾಢವಾಗಿದೆ ಅಷ್ಟೆ” ಎಂದುಬಿಟ್ಟೆ. ಆರು ಗುಂಪುಗಳೂ ‘ನೇರಳೆ’ ಎಂದು ಬರೆದುಕೊಂಡವು.

ಪಾಠ ವೀಕ್ಷಿಸಿದ ಮಾರ್ಗದರ್ಶಕರು ಟಿಪ್ಪಣಿ ಪುಸ್ತಕದಲ್ಲಿ ಒಂದೇ ಪ್ರಶ್ನೆ ಬರೆದಿದ್ದರು: ಮಕ್ಕಳು ಬರೆದದ್ದು ಅವರು ಕಂಡದ್ದನ್ನೋ, ನೀವು ಹೇಳಿದ್ದನ್ನೋ?

ಅಂದು ಸಂಜೆ ಡಬ್ಬಿಗಳ ಲೇಬಲ್ ಓದಿದೆ. ಪಾಠಕ್ಕೆ ಮೊದಲೇ ಓದಬೇಕಿತ್ತು. ಅಡುಗೆ ಬಣ್ಣದ ಲೇಬಲ್ಲಿನ ಮೇಲೆ ವರ್ಣದ್ರವ್ಯದ ಸಂಖ್ಯೆ ಇರುತ್ತದೆ. ಹಳದಿಯಲ್ಲಿ 102, ಅಂದರೆ ಟಾರ್ಟ್ರಜೀನ್. ನೀಲಿಯಲ್ಲಿ 133, ಬ್ರಿಲಿಯಂಟ್ ಬ್ಲೂ. ಕೆಂಪಿನಲ್ಲಿ 124, ಪೊನ್ಸೋ 4ಆರ್. ಈ ಕೆಂಪು ತುಸು ಕಿತ್ತಳೆಯ ಕಡೆಗೆ ವಾಲಿದ ಕೆಂಪು. ತೊಂದರೆ ಇದ್ದದ್ದು ಅಲ್ಲಿಯೇ.

ನೀರಿಗೆ ಹಾಕಿದ ಬಣ್ಣ ತಾನಾಗಿ ಬೆಳಕು ಕೊಡುವುದಿಲ್ಲ. ಕಿಟಕಿಯಿಂದ ಬಂದ ಬಿಳಿ ಬೆಳಕಿನಲ್ಲಿ ಒಂದು ಭಾಗವನ್ನು ಹೀರಿಕೊಂಡು ಉಳಿದದ್ದನ್ನು ಆಚೆ ಬಿಡುತ್ತದೆ. ಬಿಳಿ ಬೆಳಕನ್ನು ಕೆಂಪು, ಹಸಿರು, ನೀಲಿ ಎಂಬ ಮೂರು ಪಾಲು ಎಂದುಕೊಂಡರೆ ಆರನೇ ತರಗತಿಗೆ ಸಾಕು. ಹಳದಿ ನೀರು ನೀಲಿ ಪಾಲನ್ನು ತಿನ್ನುತ್ತದೆ. ನಮ್ಮ ನೀಲಿ ನೀರು ತಿನ್ನುವುದು ಮುಖ್ಯವಾಗಿ ಕೆಂಪು ಪಾಲನ್ನು. ಎರಡೂ ಸೇರಿದರೆ ಉಳಿಯುವುದು ಹಸಿರು. ನನ್ನ ಕೆಂಪು ದ್ರಾವಣವಾದರೋ ಹಸಿರನ್ನೂ ನೀಲಿಯನ್ನೂ ತಿಂದು ಕೆಂಪನ್ನು ಮಾತ್ರ ಬಿಡುತ್ತಿತ್ತು. ಅದಕ್ಕೆ ನೀಲಿ ದ್ರಾವಣ ಸೇರಿಸಿದೊಡನೆ ಆ ಕೆಂಪೂ ಹೋಯಿತು. ಮೂರು ಪಾಲಿನಲ್ಲಿ ಏನೂ ಉಳಿಯದಿದ್ದರೆ ಕಾಣುವುದು ಕತ್ತಲೆಯೇ. ಕಷಾಯ ಎಂದ ಹುಡುಗ ಸರಿಯಾಗಿಯೇ ನೋಡಿದ್ದ.

ನೇರಳೆ ಬೇಕಾದರೆ ಹಸಿರನ್ನು ಮಾತ್ರ ತಿನ್ನುವ ಬಣ್ಣ ಬೇಕು. ಅದು ಗುಲಾಬಿ. 127 ಎಂಬ ಸಂಖ್ಯೆಯ ಎರಿಥ್ರೋಸಿನ್ ಇರುವ ಗುಲಾಬಿ ಪುಡಿ ತಂದು ಕೋಣೆಯಲ್ಲಿ ಪ್ರಯತ್ನಿಸಿದೆ. ಸಮ ಪ್ರಮಾಣದಲ್ಲಿ ಬೆರೆಸಿದಾಗ ಮತ್ತೆ ಬರೀ ನೀಲಿ ಕಂಡಿತು. 133 ಬಹಳ ತೀಕ್ಷ್ಣವಾದ ಬಣ್ಣ, ಒಂದು ಹನಿ ಹೆಚ್ಚಾದರೂ ಉಳಿದದ್ದನ್ನು ಮುಚ್ಚಿಬಿಡುತ್ತದೆ. ನೂರು ಮಿಲಿಲೀಟರ್ ನೀರಿಗೆ ಹತ್ತು ಹನಿ ಗುಲಾಬಿ ಹಾಕಿ, ನೀಲಿಯನ್ನು ಒಂದೊಂದೇ ಹನಿ ಬಿಡುತ್ತಾ ಹೋದೆ. ಎರಡನೆಯ ಹನಿಗೆ ಡಿಸೆಂಬರ್ ಹೂವಿನ ಬಣ್ಣ ಬಂತು. ಹಳದಿಯ ಜೊತೆಗೂ ಹೀಗೆಯೇ: ಹತ್ತು ಹನಿ ಹಳದಿಗೆ ಎರಡು ಹನಿ ನೀಲಿ ಹಾಕಿದರೆ ಒಳ್ಳೆಯ ಹಸಿರು. ಈ ಲೆಕ್ಕ ನಾನು ಕದಡಿದ ದ್ರಾವಣಗಳದ್ದು. ಪುಡಿಯ ಅಳತೆ ಬದಲಾದರೆ ಇದೂ ಬದಲಾಗುತ್ತದೆ, ಆದ್ದರಿಂದ ಹಿಂದಿನ ದಿನವೇ ಹನಿ ಎಣಿಸಿ ನೋಡಿಕೊಳ್ಳಬೇಕು. ಲೋಟದಲ್ಲಿ ಕಪ್ಪಾಗಿ ಕಂಡದ್ದನ್ನು ಬಿಳಿ ಬಸಿಯಲ್ಲಿ ತೆಳ್ಳಗೆ ಹರಡಿ ನೋಡುವುದೂ ಒಳ್ಳೆಯದು. ದಪ್ಪದಿಂದ ಕಪ್ಪಾಗಿದ್ದರೆ ಬಸಿಯಲ್ಲಿ ನಿಜವಾದ ಬಣ್ಣ ಬಯಲಾಗುತ್ತದೆ. ನನ್ನ ಮೊದಲ ದಿನದ ಮಿಶ್ರಣ ಬಸಿಯಲ್ಲಿಯೂ ಕಂದಾಗಿಯೇ ಇತ್ತು.

ಮಾರ್ಗದರ್ಶಕರನ್ನು ಕೇಳಿ ಅದೇ ತರಗತಿಗೆ ಇನ್ನೊಂದು ಅವಧಿ ಪಡೆದೆ. ಈ ಸಲ ಬೆರೆಸುವುದರಿಂದ ಶುರುಮಾಡಲಿಲ್ಲ. ಕಿಟಕಿಗೆ ಬಿಳಿ ಹಾಳೆ ಅಂಟಿಸಿ, ಅದರ ಮುಂದೆ ಹಳದಿ ನೀರಿನ ಲೋಟ, ಅದಕ್ಕೆ ತಾಗಿದಂತೆ ನೀಲಿ ನೀರಿನ ಲೋಟ ಇಟ್ಟು, ಒಂದರ ಮೂಲಕ ಇನ್ನೊಂದನ್ನು ನೋಡಲು ಹೇಳಿದೆ. “ಹಸಿರು!” ಎಂದು ಕೂಗಿದರು. ಲೋಟಗಳನ್ನು ಬೇರೆ ಸರಿಸಿದರೆ ಮತ್ತೆ ಹಳದಿ, ನೀಲಿ. ಒಂದು ಹನಿಯೂ ಬೆರೆತಿಲ್ಲ, ಆದರೂ ಹಸಿರು ಬಂದದ್ದು ಹೇಗೆ? ಬಣ್ಣ ಬಣ್ಣಕ್ಕೆ ಕಲೆತು ಹೊಸದೊಂದು ಹುಟ್ಟುತ್ತದೆ ಎಂಬ ಊಹೆ ಅಲ್ಲಿಗೆ ಅಲುಗಾಡಿತು, ‘ಯಾವ ಲೋಟ ಏನನ್ನು ತಡೆಯಿತು’ ಎಂಬ ಮಾತಿಗೆ ಜಾಗ ಸಿಕ್ಕಿತು. ಇದಕ್ಕೆ ಬದಿ ನೇರವಾಗಿರುವ ಲೋಟಗಳೇ ಬೇಕು, ನೀರಿನ ಮಟ್ಟವೂ ಒಂದೇ ಇರಬೇಕು. ಹಾಳೆ ಇಲ್ಲದಿದ್ದರೆ ಹೊರಗಿನ ಮರದ ಹಸಿರನ್ನೇ ಮಕ್ಕಳು ಉತ್ತರವಾಗಿ ಹೇಳುತ್ತಾರೆ.

ಕಪ್ಪುಹಲಗೆಯ ಮೇಲೆ ಕೆಂಪು, ಹಸಿರು, ನೀಲಿ ಸೀಮೆಸುಣ್ಣದ ಮೂರು ಗೆರೆ ಎಳೆದೆ. ಹಳದಿ ಲೋಟದ ಸರದಿ ಬಂದಾಗ ಒಬ್ಬ ಬಂದು ನೀಲಿ ಗೆರೆ ಅಳಿಸಿದ, ನೀಲಿ ಲೋಟಕ್ಕೆ ಇನ್ನೊಬ್ಬಳು ಕೆಂಪು ಗೆರೆ ಅಳಿಸಿದಳು. ಉಳಿದ ಗೆರೆ ಹಸಿರು. ನಂತರ ಮೊದಲ ದಿನದ ಕೆಂಪು ದ್ರಾವಣವನ್ನೇ ನೀಲಿಯ ಪಕ್ಕದಲ್ಲಿಟ್ಟು ಮತ್ತೆ ಗೆರೆ ಅಳಿಸಲು ಹೇಳಿದೆ. ಹಲಗೆಯ ಮೇಲೆ ಏನೂ ಉಳಿಯಲಿಲ್ಲ. “ಅದಕ್ಕೇ ಕಷಾಯ ಆಯ್ತು” ಎಂದು ಅದೇ ಹುಡುಗ ಹೇಳಿದ. ನಾನು ಹೇಳಿಕೊಡಬೇಕೆಂದಿದ್ದ ವಾಕ್ಯ ಅದೇ ಆಗಿತ್ತು.

“ತಿಂದ ಬೆಳಕು ಎಲ್ಲಿ ಹೋಯ್ತು ಮಿಸ್?” ಎಂದು ಒಬ್ಬ ಹುಡುಗಿ ಕೇಳಿದಳು. ನೀರನ್ನು ಬೆಚ್ಚಗೆ ಮಾಡಿತು, ಕೈಗೆ ತಿಳಿಯುವಷ್ಟಲ್ಲ ಎಂದೆ. ಬಿಸಿಲಲ್ಲಿ ಕಪ್ಪು ಬಟ್ಟೆ ಬೇಗ ಕಾಯುವುದು ಅವಳಿಗೇ ಹೊಳೆಯಿತು.

ಹಾಗಾದರೆ ಮೂಲವರ್ಣ ಯಾವುವು ಎಂಬ ಪ್ರಶ್ನೆ ಉಳಿಯಿತು. ಚಿತ್ರಕಲೆಯಲ್ಲಿ ಕೆಂಪು, ಹಳದಿ, ನೀಲಿ ಎಂದು ಮಕ್ಕಳು ಕಲಿತಿದ್ದಾರೆ. ಅದನ್ನು ತಪ್ಪು ಎಂದು ತಳ್ಳಿಹಾಕಲಿಲ್ಲ. ದಿನಪತ್ರಿಕೆಯ ಪುಟದ ಅಂಚಿನಲ್ಲಿ ಸಾಲಾಗಿ ಇರುವ ಪುಟ್ಟ ಬಣ್ಣದ ಚುಕ್ಕೆಗಳನ್ನು ತೋರಿಸಿದೆ: ತಿಳಿನೀಲಿ, ಗಾಢ ಗುಲಾಬಿ, ಹಳದಿ, ಕಪ್ಪು. ಪುಟದ ಬಣ್ಣದ ಚಿತ್ರಗಳೆಲ್ಲ ಈ ನಾಲ್ಕು ಶಾಯಿಗಳಿಂದಲೇ ಆದವು. ನಮ್ಮ ಲೋಟದಲ್ಲಿ ನೇರಳೆ ಕೊಟ್ಟದ್ದೂ ಆ ಗುಲಾಬಿಯೇ. ಟಿವಿ ಪರದೆಯ ಕೆಂಪು, ಹಸಿರು, ನೀಲಿಯನ್ನು ಬೇಕೆಂದೇ ಎತ್ತಲಿಲ್ಲ. ಅಲ್ಲಿ ಬೆಳಕಿಗೆ ಬೆಳಕು ಸೇರುತ್ತದೆ, ಇಲ್ಲಿ ಬೆಳಕು ಕಳೆಯುತ್ತದೆ. ಒಂದೇ ಅವಧಿಯಲ್ಲಿ ಎರಡನ್ನೂ ಹೇಳಿದರೆ ಎರಡೂ ಕಲಸಿಹೋಗುತ್ತವೆ.

ಕೊನೆಯಲ್ಲಿ ಹಳೆಯ ಪಟ್ಟಿಯನ್ನು ತಿದ್ದಲು ಹೇಳಿದೆ. ರಬ್ಬರ್ ಬಳಸಬೇಡಿ, ಅಡಿಯಲ್ಲಿ ಬರೆಯಿರಿ ಎಂದಿದ್ದೆ. ನಾಲ್ಕನೇ ಗುಂಪಿನ ಹಾಳೆಯಲ್ಲಿ ‘ನೇರಳೆ’ಯ ಕೆಳಗೆ ಹೀಗಿತ್ತು: “ಕಷಾಯದ ಬಣ್ಣ. ಮೂರೂ ಗೆರೆ ಹೋದವು. ನೇರಳೆ ಎಂದು ಮಿಸ್ ಹೇಳಿದ್ದಕ್ಕೆ ಬರೆದದ್ದು.”